ಮದುವೆ ಅಡುಗೆಯವರ ರೀಲ್ಸ್: ಸ್ಕ್ರಿಪ್ಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು ಸುತ್ತಮುತ್ತ ಮದುವೆ ಅಡುಗೆ ಕಂಟ್ರಾಕ್ಟ್ ಮಾಡುವವರಿಗೆ ನಾನು ರೀಲ್ಸ್ ಬರೆದು, ಶೂಟ್ ಮಾಡಿಕೊಡುತ್ತೇನೆ. ಫೋನಿನಲ್ಲಿ, ಛತ್ರದ ಹಿಂಬಾಗಿಲಲ್ಲಿ ಕಾಫಿ ಕುಡಿಯುವಾಗ, ಮೆಸೇಜಿನಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಎಲ್ಲ ಉದಾಹರಣೆಗಳೂ ಸಸ್ಯಾಹಾರದ ಎಲೆ ಊಟದವು. ಬೀಗರೂಟದ ರೀಲ್ಸ್ ಕಥೆಯೇ ಬೇರೆ.

## ಶುರು ಮಾಡುವವರಿಗೆ

ಒಂದೇ ರೀಲ್‌ನಲ್ಲಿ ಮೆನು, ಟೇಸ್ಟಿಂಗ್, ಕ್ಲೀನ್ ಕಿಚನ್ ಎಲ್ಲಾ ಬರಬೇಕು. ಆಗುತ್ತಾ?

ಆಗುತ್ತೆ, ಆದರೆ ಬೇಡ. ನಿಮ್ಮ ರೀಲ್ ನೋಡುವವರು ಯಾರು ಅಂತ ಒಂದು ಸಲ ಯೋಚನೆ ಮಾಡಿ. ಮದುಮಗಳು ನೋಡುತ್ತಾಳೆ, ಇಷ್ಟ ಆದರೆ ಮನೆಯ ಗ್ರೂಪಿಗೆ ಕಳಿಸುತ್ತಾಳೆ. ಅಲ್ಲಿ ಅಪ್ಪ, ಅಮ್ಮ, ಸೋದರಮಾವ, ದೊಡ್ಡಮ್ಮ ಎಲ್ಲ ಇರುತ್ತಾರೆ, ತೀರ್ಮಾನ ಮಾಡುವವರು ಅವರು. ಅವರ ತಲೆಯಲ್ಲಿರುವ ಪ್ರಶ್ನೆ ಮೂರೇ. ನಮ್ಮ ಕಡೆಯ ಅಡುಗೆ ಇವರಿಗೆ ಬರುತ್ತಾ? ರುಚಿ ನೋಡಿದ ಹಾಗೇ ಮದುವೆ ದಿನವೂ ಮಾಡುತ್ತಾರಾ? ಅಡುಗೆಮನೆ ಒಳಗೆ ಹೇಗಿದೆ?

ಒಂದು ಪ್ರಶ್ನೆಗೆ ಒಂದು ರೀಲ್ ಮಾಡಿ. ಮೂರನ್ನೂ 40 ಸೆಕೆಂಡಿಗೆ ತುರುಕಿದರೆ ಯಾವುದಕ್ಕೂ ಉತ್ತರ ಸಿಗುವುದಿಲ್ಲ, ಜಿಲೇಬಿ ತಿರುಗಿದ್ದು, ಯಾರೋ ನಕ್ಕಿದ್ದು, ಟೋಪಿ ಹಾಕಿದ ಹುಡುಗ ಹೆಬ್ಬೆರಳು ತೋರಿಸಿದ್ದು ಇಷ್ಟೇ ಉಳಿಯುತ್ತೆ. ದೊಡ್ಡಮ್ಮ ಅದನ್ನು ನೋಡಿ ಫೋನ್ ಕೆಳಗಿಡುತ್ತಾರೆ.

ಎಷ್ಟು ಸೆಕೆಂಡ್ ಇರಬೇಕು? ಈಗ ಮೂರು ನಿಮಿಷ ಹಾಕಬಹುದಂತಲ್ಲ?

ಹೌದು, ಇನ್‌ಸ್ಟಾಗ್ರಾಮ್‌ನಲ್ಲಿ 2025ರಿಂದ 3 ನಿಮಿಷದವರೆಗೂ ರೀಲ್ ಹಾಕಬಹುದು. ಅಷ್ಟು ಹೊತ್ತು ಹಿಡಿದಿಡುವ ಕಥೆ ಇದ್ದರೆ ಹಾಕಿ. ನನ್ನ ಲೆಕ್ಕ ಹೀಗಿದೆ: ಮೆನು ರೀಲ್ 25ರಿಂದ 30 ಸೆಕೆಂಡ್, ಶುಚಿಯದ್ದು 30, ಟೇಸ್ಟಿಂಗ್‌ಗೆ ಮಾತ್ರ 45ರವರೆಗೆ ಜಾಗ ಕೊಡುತ್ತೇನೆ, ಯಾಕೆಂದರೆ ಅದರಲ್ಲಿ ಮಾತುಕತೆ ಇರುತ್ತೆ.

ಹಿನ್ನೆಲೆ ಮಾತು ಬರೆಯುವಾಗ 30 ಸೆಕೆಂಡಿಗೆ 55 ಪದ ದಾಟಿಸಬೇಡಿ. ಕನ್ನಡದ ಪದಗಳು ಉದ್ದ, ‘ಮಾಡಿಸಿಕೊಂಡಿದ್ದೇವೆ’ ಅನ್ನುವಷ್ಟರಲ್ಲಿ ಒಂದು ಶಾಟ್ ಮುಗಿದಿರುತ್ತೆ. ಬರೆದದ್ದನ್ನು ಗಡಿಯಾರ ಇಟ್ಟುಕೊಂಡು ಜೋರಾಗಿ ಓದಿ. ಉಸಿರು ಕಟ್ಟಿದರೆ ಪದ ತೆಗೆಯಿರಿ, ಓದುವ ವೇಗ ಜಾಸ್ತಿ ಮಾಡಬೇಡಿ.

## ಮೆನು

ನಮ್ಮ ಲಿಸ್ಟ್‌ನಲ್ಲಿ ಇನ್ನೂರು ಐಟಂ ಇದೆ. ಎಲ್ಲಾ ತೋರಿಸೋದು ಹೇಗೆ?

ತೋರಿಸಬೇಡಿ. ಇನ್ನೂರು ಐಟಂ ತೋರಿಸಿದರೆ ಜನಕ್ಕೆ ಹೋಟೆಲ್ ಮೆನು ಕಾರ್ಡ್ ಓದಿದ ಹಾಗಾಗುತ್ತೆ. ನಿಮ್ಮ ಭಟ್ಟರಿಗೆ ಬೇರೆ ಬೇರೆ ಕಡೆಯ ಅಡುಗೆ ಬರುತ್ತೆ ಅಂತ ತೋರಿಸಬೇಕು, ಅದಕ್ಕೆ ಒಂದೇ ತರಕಾರಿ ಸಾಕು.

ನಾನು ಬದನೆಕಾಯಿ ಹಿಡಿದು ಒಂದು ಸ್ಕ್ರಿಪ್ಟ್ ಬರೆದಿದ್ದೆ. ಮೊದಲ ಶಾಟ್‌ನಲ್ಲಿ ಒಂದು ಮೊರದಲ್ಲಿ ಮೂರು ಥರದ ಬದನೆ. ‘ಹುಡುಗಿ ಕಡೆಯವರು ಮೈಸೂರು, ಹುಡುಗ ಧಾರವಾಡ, ಅಜ್ಜಿ ಮನೆ ಉಡುಪಿ. ಬದನೆಕಾಯಿ ಯಾರ ಥರ ಮಾಡೋದು?’ ಇಷ್ಟೇ ಮೊದಲ ಮಾತು. ಆಮೇಲೆ ಉದ್ದನೆಯ ಹಸಿರು ಈರನಗೆರೆ ಬದನೆ ಹೆಚ್ಚಿ ನೀರಿಗೆ ಬೀಳುತ್ತೆ, ಮುಂದಿನ ಶಾಟ್‌ನಲ್ಲಿ ವಾಂಗಿಬಾತ್. ಪುಟ್ಟ ಬದನೆಗೆ ನಾಲ್ಕು ಸೀಳು ಹಾಕಿ ಶೇಂಗಾ, ಗುರೆಳ್ಳು ಮಸಾಲೆ ತುಂಬುತ್ತಾರೆ, ಮುಂದೆ ಎಣ್ಣೆಗಾಯಿ, ಪಕ್ಕದಲ್ಲಿ ಜೋಳದ ರೊಟ್ಟಿ. ಗುಂಡಗಿನ ಮಟ್ಟುಗುಳ್ಳ ಹೋಳಾಗುತ್ತೆ, ಮುಂದೆ ಗುಳ್ಳದ ಹುಳಿ. ಕೊನೆಗೆ ಮೂರೂ ಒಂದೇ ಎಲೆಯ ಮೇಲೆ. ಒಟ್ಟು 28 ಸೆಕೆಂಡ್.

ಒಂದು ಎಚ್ಚರಿಕೆ. ಮಟ್ಟುಗುಳ್ಳ ಉಡುಪಿ ಹತ್ತಿರದ ಮಟ್ಟು ಕಡೆಯ ಬೆಳೆ, ವರ್ಷವಿಡೀ ಒಂದೇ ಥರ ಸಿಗುವುದಿಲ್ಲ. ರೀಲ್ ನೋಡಿ ಬಂದವರು ‘ಅದೇ ಬೇಕು’ ಅನ್ನುತ್ತಾರೆ. ಕೊನೆಯಲ್ಲಿ ‘ಗುಳ್ಳ ಸಿಗುವ ಕಾಲದಲ್ಲಿ ಮಾತ್ರ’ ಅಂತ ಒಂದು ಸಾಲು ಹಾಕಿ. ನಾವು ಆ ಸಾಲು ಹಾಕದೆ ಒಂದು ಮನೆಯವರ ಹತ್ತಿರ ಚೆನ್ನಾಗಿ ಬೈಸಿಕೊಂಡಿದ್ದೇವೆ.

ಎಲೆ ತಿರುವುಮುರುವು ಹಾಕಿದ್ದೀರಿ ಅಂತ ಕಮೆಂಟ್ ಬಂತು. ನಾವು ಸರಿಯಾಗೇ ಹಾಕಿದ್ವಿ, ಏನಾಯ್ತು?

ಎಲೆ ಸರಿಯಾಗಿತ್ತು, ಕ್ಯಾಮೆರಾ ನಿಂತ ಜಾಗ ತಪ್ಪಿತ್ತು. ಬಾಳೆ ಎಲೆಯ ಕುಡಿ ಊಟಕ್ಕೆ ಕೂತವರ ಎಡಕ್ಕೆ ಬರಬೇಕು, ಇದು ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಕ್ಯಾಮೆರಾದವರು ಸಾಮಾನ್ಯವಾಗಿ ಬಡಿಸುವವರ ಕಡೆ, ಅಂದರೆ ಟೇಬಲ್ಲಿನ ಎದುರಿಗೆ ನಿಲ್ಲುತ್ತಾರೆ. ಅಲ್ಲಿಂದ ಕುಡಿ ಬಲಕ್ಕೆ ಕಾಣುತ್ತೆ. ಮೇಲಿನಿಂದ ತೆಗೆದ ಶಾಟ್ ಆದರಂತೂ ಊಟ ಮಾಡುವವರು ಯಾವ ಕಡೆ ಅಂತಲೇ ತಿಳಿಯುವುದಿಲ್ಲ. ಇನ್ನು ಕೆಲವರು ಎಡಿಟ್ ಮಾಡುವಾಗ ಚಿತ್ರವನ್ನು ಕನ್ನಡಿಯ ಹಾಗೆ ತಿರುಗಿಸಿಬಿಡುತ್ತಾರೆ. ಆಗ ಎಲೆಯೂ ತಿರುಗುತ್ತೆ, ಉಣ್ಣುವ ಕೈ ಎಡಗೈ ಆಗುತ್ತೆ.

ಆದ್ದರಿಂದ ಎಲೆಯ ಶಾಟ್ ಯಾವಾಗಲೂ ಕೂತವರ ಭುಜದ ಮೇಲಿನಿಂದ ತೆಗೆಯಿರಿ. ಎಡಿಟ್ ಆದ ಮೇಲೆ ಹಿಂದಿನ ಗೋಡೆಯ ಬೋರ್ಡಿನ ಅಕ್ಷರ ನೇರವಾಗಿದೆಯಾ ಅಂತ ನೋಡಿದರೆ ಚಿತ್ರ ತಿರುಗಿದೆಯೋ ಇಲ್ಲವೋ ಗೊತ್ತಾಗುತ್ತೆ.

ಬಡಿಸುವ ಕ್ರಮವೂ ಹಾಗೇ. ಮೊದಲು ಉಪ್ಪೋ ಪಾಯಸವೋ, ಕೋಸಂಬರಿ ಎಲ್ಲಿ, ಚಿತ್ರಾನ್ನ ಯಾವಾಗ, ಇದೆಲ್ಲ ಮನೆಯಿಂದ ಮನೆಗೆ ಬದಲಾಗುತ್ತೆ. ಸ್ಕ್ರಿಪ್ಟ್‌ನಲ್ಲಿ ‘ಇದೇ ಸರಿಯಾದ ಕ್ರಮ’ ಅಂತ ಬರೆಯಬೇಡಿ, ‘ಈ ಮನೆಯವರ ಕ್ರಮ’ ಅಂತ ಬರೆಯಿರಿ. ಶಾಟ್‌ಗಳನ್ನು ಬಡಿಸಿದ ಕ್ರಮದಲ್ಲೇ ಜೋಡಿಸಿ. ಮಜ್ಜಿಗೆ ಬಂದ ಮೇಲೆ ಎಲೆಗೆ ತೊವ್ವೆ ಬಿದ್ದರೆ ನೋಡುವವರಿಗೆ ಊಟವೇ ಹಾಳಾದ ಹಾಗೆ ಅನಿಸುತ್ತೆ.

ರೇಟ್ ಹೇಳಬೇಕಾ, ಬೇಡವಾ?

ಒಂದು ಎಲೆಗೆ ಇಷ್ಟು ಅಂತ ಅಂಕಿ ಹಾಕಿದರೆ ಆರು ತಿಂಗಳಾದ ಮೇಲೂ ಅದೇ ಅಂಕಿ ತೋರಿಸಿ ಚೌಕಾಸಿ ಮಾಡುತ್ತಾರೆ. ಅದರ ಬದಲು ಆ ರೇಟಿನಲ್ಲಿ ಏನೇನು ಸೇರಿದೆ ಅಂತ ಹೇಳಿ: ಎಲೆ, ನೀರು, ಬಡಿಸುವವರು, ಎಲೆ ತೆಗೆಯುವವರು, ಗ್ಯಾಸು. ಕನಿಷ್ಠ ಎಷ್ಟು ಎಲೆ ಇದ್ದರೆ ಬರುತ್ತೀರಿ ಅನ್ನುವುದನ್ನೂ ಹಾಕಿ, ಅರ್ಧ ಫೋನ್ ಕರೆ ಉಳಿಯುತ್ತೆ.

## ರುಚಿ ನೋಡುವ ದಿನ

ಟೇಸ್ಟಿಂಗ್ ರೀಲ್ ಅಂದ್ರೆ ಎಲ್ಲರೂ ತಿಂದು ‘ಸೂಪರ್’ ಅನ್ನೋದು ತಾನೇ?

ಅದನ್ನು ಯಾರೂ ನಂಬುವುದಿಲ್ಲ. ದುಡ್ಡು ಕೊಡುವ ಮುಂಚೆ ಯಾವ ಮಾವ ಸೂಪರ್ ಅಂದಿದ್ದಾರೆ ಹೇಳಿ! ಟೇಸ್ಟಿಂಗ್ ದಿನ ನಿಜವಾಗಿ ನಡೆಯುವುದು ತಕರಾರು. ಖಾರ ಜಾಸ್ತಿ, ಹೋಳಿಗೆ ದಪ್ಪ, ಹುಳಿ ನೀರು. ಆ ತಕರಾರನ್ನೇ ರೀಲ್‌ನ ಮೊದಲ ಮಾತು ಮಾಡಿ. ಅದನ್ನು ನೀವು ಏನು ಮಾಡಿದಿರಿ ಅನ್ನುವುದೇ ಕಥೆ.

ಕಳೆದ ವರ್ಷ 600 ಎಲೆಯ ಒಂದು ಮದುವೆಗೆ ಬರೆದ ಸ್ಕ್ರಿಪ್ಟ್ ಇದು. ಹುಡುಗಿಯ ತಾಯಿ ನಿಜವಾಗಿ ಹೇಳಿದ ಮಾತು, ಅವರ ಒಪ್ಪಿಗೆ ಪಡೆದು ಇಟ್ಟುಕೊಂಡೆವು.

*0–4 ಸೆಕೆಂಡ್.* ಅನ್ನದ ಗುಂಡಿಗೆ ಹುಳಿ ಬೀಳುತ್ತೆ, ಅಂಚು ಒಡೆದು ಎಲೆಯ ತುಂಬ ಹರಿಯುತ್ತೆ. ತಾಯಿಯ ಧ್ವನಿ: ‘ಭಟ್ರೇ, ಹುಳಿ ನೀರಾಯ್ತು ಅಲ್ವಾ?’

*4–10.* ಭಟ್ಟರು ಸೌಟಿನಲ್ಲಿ ಎತ್ತಿ ನೋಡುತ್ತಾರೆ. ‘ಹೌದಮ್ಮ, ಬೇಳೆ ಸ್ವಲ್ಪ ಜಾಸ್ತಿ ಹಾಕೋಣ.’ ಇಲ್ಲಿ ಸಂಗೀತ ಬೇಡ.

*10–18.* ಚೀಟಿಯ ಮೇಲೆ ಪೆನ್ನು. ‘ಬೇಳೆ: 10 ಜನಕ್ಕೆ 200 ಗ್ರಾಂ’ ಅನ್ನುವುದನ್ನು ಹೊಡೆದು 250 ಅಂತ ಬರೆಯುತ್ತಾರೆ. ಕೆಳಗೆ ಇನ್ನೊಂದು ಸಾಲು: ‘600ಕ್ಕೆ 15 ಕೆ.ಜಿ.’

*18–21.* ಪರದೆಯ ಮೇಲೆ ಅಕ್ಷರ: ‘ಮದುವೆ ದಿನ, ಬೆಳಗಿನ ಜಾವ’.

*21–31.* ಅದೇ ಚೀಟಿ ಸ್ಟೋರಿನ ಗೋಡೆಗೆ ಅಂಟಿಸಿದೆ. ತಕ್ಕಡಿಯ ಮೇಲೆ ಬೇಳೆ, ಅಂಕಿ 15 ತೋರಿಸುತ್ತೆ. ಕೊಪ್ಪರಿಗೆಗೆ ಸುರಿಯುವ ಸದ್ದು.

*31–42.* ಪಂಕ್ತಿ. ಅನ್ನದ ಗುಂಡಿಯಲ್ಲಿ ಹುಳಿ ನಿಲ್ಲುತ್ತೆ, ಹರಿಯುವುದಿಲ್ಲ. ತಾಯಿ ಕಲಸಿ ಒಂದು ತುತ್ತು ತಿನ್ನುತ್ತಾರೆ, ಏನೂ ಹೇಳುವುದಿಲ್ಲ. ಬಡಿಸುವವರು ‘ಹುಳೀ...’ ಅಂತ ಮುಂದೆ ಹೋಗುತ್ತಾರೆ. ಮುಗಿಯಿತು.

ಮೊದಲ ಶಾಟ್‌ನಲ್ಲಿ ಒಡೆದ ಗುಂಡಿ, ಕೊನೆಯ ಶಾಟ್‌ನಲ್ಲಿ ನಿಂತ ಗುಂಡಿ. ಇವೆರಡೂ ಒಂದೇ ಕೋನದಿಂದ ಬಂದರೆ ಮಾತಿನ ಅಗತ್ಯವೇ ಇಲ್ಲ. ಚೀಟಿಯನ್ನು ಮಾತ್ರ ಮರೆಯಬೇಡಿ. ಟೇಸ್ಟಿಂಗ್ ದಿನದ ಮಾತು ಮದುವೆ ದಿನದ ಅಡುಗೆಮನೆಗೆ ತಲುಪಿದ್ದಕ್ಕೆ ಅದೇ ಸಾಕ್ಷಿ. ಅಂಥ ಚೀಟಿ ಬರೆಯುವ ಅಭ್ಯಾಸ ನಿಮ್ಮಲ್ಲಿ ಇಲ್ಲದಿದ್ದರೆ ರೀಲ್ ಆಮೇಲೆ ಮಾಡೋಣ, ಮೊದಲು ಚೀಟಿ ಬರೆಯಿರಿ.

‘ಹತ್ತು ಜನಕ್ಕೆ ಚೆನ್ನಾಗಿ ಮಾಡ್ತೀರಿ, ಆರು ನೂರು ಜನಕ್ಕೆ ಬರಲ್ಲ’ ಅಂತ ಕಮೆಂಟ್ ಹಾಕ್ತಾರೆ. ಏನು ಉತ್ತರ ಕೊಡೋದು?

ಅವರು ಹೇಳುವುದರಲ್ಲಿ ನಿಜ ಇದೆ, ಒಪ್ಪಿಕೊಳ್ಳಿ. ಬೇಳೆಯನ್ನು 60 ಪಟ್ಟು ಮಾಡಬಹುದು, ನೀರನ್ನು ಹಾಗೆ ಮಾಡಲಾಗುವುದಿಲ್ಲ. ಸಣ್ಣ ಪಾತ್ರೆಯಲ್ಲಿ ಹುಳಿ ಕುದಿಯುವಾಗ ಅದರ ಅಳತೆಗೆ ಜಾಸ್ತಿ ನೀರು ಆವಿಯಾಗಿ ಹೋಗುತ್ತೆ. ದೊಡ್ಡ ಕೊಪ್ಪರಿಗೆಯಲ್ಲಿ ಒಳಗಿನ ಹುಳಿ ತುಂಬಾ, ಗಾಳಿಗೆ ತೆರೆದ ಬಾಯಿ ಆ ಲೆಕ್ಕಕ್ಕೆ ಚಿಕ್ಕದು. ಅದಕ್ಕೇ ಭಟ್ಟರು ನೀರನ್ನು ಮೊದಲು ಕಮ್ಮಿ ಹಾಕಿ, ಆಮೇಲೆ ಬಿಸಿನೀರು ಸೇರಿಸಿ ಹದಕ್ಕೆ ತರುತ್ತಾರೆ. ಉಪ್ಪು, ಹುಣಸೆ ರಸವನ್ನೂ ಒಂದೇ ಸಲ ಸುರಿಯುವುದಿಲ್ಲ, ನಾಲ್ಕು ಸಲ ಹಾಕಿ ನಾಲ್ಕು ಸಲ ನೋಡುತ್ತಾರೆ.

ಇದನ್ನೇ 25 ಸೆಕೆಂಡಿನ ಇನ್ನೊಂದು ರೀಲ್ ಮಾಡಿ. ಭಟ್ಟರು ತಟ್ಟೆಗೆ ಎರಡು ತೊಟ್ಟು ಹಾಕಿಕೊಂಡು ರುಚಿ ನೋಡುವುದು, ತಲೆ ಆಡಿಸಿ ಇನ್ನೊಂದು ಹಿಡಿ ಉಪ್ಪು ಹಾಕುವುದು. ಸೌಟಿನಿಂದಲೇ ಬಾಯಿಗೆ ಹಾಕಿಕೊಳ್ಳುವ ಶಾಟ್ ಮಾತ್ರ ಬೇಡ, ಅದು ಎಂಜಲು. ಒಂದೇ ಕ್ಷಣ ಬಂದರೂ ಯಾರಾದರೂ ಹಿಡಿದೇ ಹಿಡಿಯುತ್ತಾರೆ.

ನಾವು ಬೇರೆಯವರ ಮದುವೆಗೇ ಕರೆದು ರುಚಿ ತೋರಿಸ್ತೀವಿ. ಅದನ್ನ ಶೂಟ್ ಮಾಡಬಹುದಾ?

ಆ ಪದ್ಧತಿ ನನಗಿಷ್ಟ. ನಿಜವಾದ ಪಂಕ್ತಿಯ ಊಟ ಸಿಗುತ್ತೆ, ಟೇಸ್ಟಿಂಗ್‌ಗಾಗಿ ಮಾಡಿದ ಮುದ್ದಿನ ಅಡುಗೆ ಅಲ್ಲ. ಆದರೆ ಅದು ಬೇರೆಯವರ ಮನೆ ಕಾರ್ಯ. ಕರೆಯುವುದಕ್ಕೂ, ಶೂಟ್ ಮಾಡುವುದಕ್ಕೂ ಮದುವೆ ಮನೆಯವರ ಒಪ್ಪಿಗೆ ಮೊದಲೇ ಬೇಕು, ಮೆಸೇಜಿನಲ್ಲಿ ಬರೆಸಿಕೊಂಡರೆ ಒಳ್ಳೆಯದು. ಮುಖ ಬೇಡ, ಕೈ ಮತ್ತು ಎಲೆ ಸಾಕು. ಹೆಸರಿರುವ ಬೋರ್ಡು, ಉಡುಗೊರೆ ಟೇಬಲ್ಲು, ಮಕ್ಕಳು ಫ್ರೇಮಿನಲ್ಲಿ ಬರದ ಹಾಗೆ ನೋಡಿಕೊಳ್ಳಿ.

## ಶುಚಿ

ಟೋಪಿ, ಗ್ಲೌಸ್ ಹಾಕಿಸಿ ತೋರಿಸಿದ್ರೆ ಸಾಕಲ್ವಾ?

ಸಾಲದು. ಕ್ಯಾಮೆರಾಗಾಗಿ ಈಗಷ್ಟೇ ಪ್ಯಾಕೆಟ್ ಒಡೆದ ಟೋಪಿಯಲ್ಲಿ ಮಡಿಕೆಯ ಗೆರೆ ಎದ್ದು ಕಾಣುತ್ತೆ. ಗ್ಲೌಸ್ ಇನ್ನೂ ತೊಂದರೆ. ಅದೇ ಗ್ಲೌಸಿನಲ್ಲಿ ಹಿಟ್ಟು ಕಲಸಿ, ಗ್ಯಾಸ್ ತಿರುಗಿಸಿ, ಮೊಬೈಲ್ ಎತ್ತಿ, ಮತ್ತೆ ಹಿಟ್ಟಿಗೆ ಕೈ ಹಾಕಿದರೆ ಬರಿಗೈಗಿಂತ ಕಡೆ. ಕೈಯಾದರೂ ಅಂಟಂಟಾದಾಗ ತೊಳೆಯಬೇಕು ಅನಿಸುತ್ತೆ, ಗ್ಲೌಸ್ ಹಾಕಿದವರಿಗೆ ಅದೂ ಅನಿಸುವುದಿಲ್ಲ.

ನನ್ನದೇ ತಪ್ಪು ಒಂದಿದೆ. ಒಬ್ಬ ಕಂಟ್ರಾಕ್ಟರಿಗೆ ಮಾಡಿಕೊಟ್ಟ ರೀಲ್ ಚೆನ್ನಾಗಿ ಬಂದಿತ್ತು, ಸ್ಟೀಲ್ ಪಾತ್ರೆಗಳೆಲ್ಲ ಫಳಫಳ. ಹನ್ನೊಂದನೇ ಸೆಕೆಂಡಿನಲ್ಲಿ ಹಿಂದೆ ನಿಂತಿದ್ದ ಅಡುಗೆಯವರು ಹೆಗಲ ಮೇಲಿನ ಟವೆಲ್ಲಿಗೆ ಬೆವರು ಒರೆಸಿ, ಅದೇ ಟವೆಲ್ಲಿಗೆ ಕೈ ಒರೆಸಿಕೊಂಡರು. ನಾನು ಎಡಿಟ್ ಮಾಡುವಾಗ ಮುಂದಿನ ಹೋಳಿಗೆಯನ್ನೇ ನೋಡುತ್ತಿದ್ದೆ. ಜನ ಹೋಳಿಗೆ ನೋಡಲೇ ಇಲ್ಲ. ಈಗ ಪ್ರತಿ ರೀಲನ್ನೂ ಸದ್ದು ತೆಗೆದು, ಬರೀ ಹಿನ್ನೆಲೆ ನೋಡುತ್ತಾ ಒಂದು ಸಲ ಓಡಿಸುತ್ತೇನೆ. ಚಪ್ಪಲಿ, ನೊಣ, ಮುಚ್ಚದ ಪಾತ್ರೆ, ನೆಲದ ಮೇಲೆ ಇಟ್ಟ ತರಕಾರಿ ಮೂಟೆ, ಟವೆಲ್ಲು. ಇಷ್ಟನ್ನು ಹುಡುಕುತ್ತೇನೆ.

ಸಿಕ್ಕಿದರೆ ಶಾಟ್ ಕತ್ತರಿಸಿದರಾಯಿತು ಅಂದುಕೊಳ್ಳಬೇಡಿ. ಮದುವೆಗೆ ಬಂದವರ ಕೈಯಲ್ಲೂ ಮೊಬೈಲ್ ಇರುತ್ತೆ.

ಹಾಗಾದ್ರೆ ಏನು ತೋರಿಸಬೇಕು?

ನೋಡಿದವರೇ ತೂಗಿ ನೋಡಬಹುದಾದಂಥದ್ದು. ನಾನು ಮೂರು ಶಾಟ್ ಬಳಸುತ್ತೇನೆ, ಒಂದೊಂದೂ ಮಧ್ಯೆ ಕತ್ತರಿ ಇಲ್ಲದೆ 8ರಿಂದ 10 ಸೆಕೆಂಡ್.

ಮೊದಲನೆಯದು ಕೊತ್ತಂಬರಿ ಸೊಪ್ಪು. ಮೂರು ಪಾತ್ರೆ ನೀರು ಸಾಲಾಗಿ. ಮೊದಲನೆಯದರಲ್ಲಿ ಅದ್ದಿದರೆ ನೀರು ಕೆಂಪಗೆ, ಎರಡನೆಯದರಲ್ಲಿ ಸ್ವಲ್ಪ ಕದಡು, ಮೂರನೆಯದರಲ್ಲಿ ತಳ ಕಾಣುತ್ತೆ. ಕೆಲವರು ಮೊದಲ ಪಾತ್ರೆ ತೋರಿಸಲು ಹೆದರುತ್ತಾರೆ, ಕೊಳಕು ಕಾಣುತ್ತಂತೆ. ಆ ಮಣ್ಣು ಕಂಡರೇ ಅಲ್ಲವಾ ತೊಳೆದದ್ದು ಗೊತ್ತಾಗುವುದು?

ಎರಡನೆಯದು ಇಡ್ಲಿ. ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಕಿ ಇಡ್ಲಿ ಬೇಯಿಸುವುದನ್ನು ಕರ್ನಾಟಕದಲ್ಲಿ 2025ರ ಫೆಬ್ರವರಿಯಲ್ಲಿ ಸರ್ಕಾರ ನಿಲ್ಲಿಸಿತು. ಆ ಸುದ್ದಿ ಮನೆಮನೆಗೂ ಹೋಗಿದೆ. ಹಾಗಾಗಿ ಒದ್ದೆ ಹತ್ತಿ ಬಟ್ಟೆ ಹಿಂಡಿ, ತಟ್ಟೆಗೆ ಹಾಸಿ, ಹಿಟ್ಟು ಹಾಕುವ ಶಾಟ್‌ಗೆ ಈಗ ಬೆಲೆ ಇದೆ. ಬಟ್ಟೆ ಮಾಸಲು ಆಗಿದ್ದರೆ ಶೂಟ್ ಮುಂದೂಡಿ, ಹೊಸ ಬಟ್ಟೆ ತರಿಸಿ. ಎಲ್ಲ ತಟ್ಟೆಗೂ ಸಾಕಾಗುವಷ್ಟು ತರಿಸಿ, ಬರೀ ಶಾಟ್‌ಗಲ್ಲ.

ಮೂರನೆಯದು ಥರ್ಮಾಮೀಟರ್. ಸಸ್ಯಾಹಾರದ ಬಿಸಿ ಅಡುಗೆ ಬಡಿಸುವವರೆಗೂ 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯಬಾರದು. ಮೊಸರಿನಂಥ ತಣ್ಣನೆಯದು 5 ಡಿಗ್ರಿಯ ಒಳಗೆ ಇರಬೇಕು. ಈ ಎರಡರ ಮಧ್ಯೆ ಆಹಾರ ಕೂತಷ್ಟೂ ರೋಗ ತರುವ ಸೂಕ್ಷ್ಮಾಣುಗಳು ಬೆಳೆಯುತ್ತವೆ. ಪಂಕ್ತಿ ತಡವಾದಾಗ ತೊಂದರೆ ಬರುವುದು ಇಲ್ಲೇ: ಮುಹೂರ್ತ ಮುಂದೆ ಹೋಯಿತು, ಹುಳಿ ಇಳಿಸಿ ಎರಡು ಗಂಟೆ ಆಯಿತು. ಶಾಟ್ ಹೀಗಿರಲಿ: ಮುಚ್ಚಳ ತೆಗೆಯುತ್ತಾರೆ, ಥರ್ಮಾಮೀಟರಿನ ಕಡ್ಡಿ ಹುಳಿಗೆ ಹೋಗುತ್ತೆ, ಅಂಕಿ ಏರಿ 72ಕ್ಕೆ ನಿಲ್ಲುತ್ತೆ, ಪಕ್ಕದ ಗಡಿಯಾರದಲ್ಲಿ ಊಟದ ಹೊತ್ತು. ಮುಚ್ಚಳ ಮತ್ತೆ ಮುಚ್ಚುತ್ತೆ. ಒಲೆಯಿಂದ ಇಳಿಸಿದ ಕೂಡಲೇ ಈ ಶಾಟ್ ತೆಗೆದರೆ ಏನೂ ಪ್ರಯೋಜನ ಇಲ್ಲ, ಕೊನೆಯ ಪಂಕ್ತಿಗೆ ಮುಂಚೆ ತೆಗೆಯಿರಿ.

ಗೋಬಿ ಕೆಂಪಗೆ, ಕೇಸರಿಬಾತ್ ಹೊಳೀತಾ ಕಾಣಬೇಕು ಅಂದ್ರೆ?

ಮೊದಲು ಆ ಆಸೆ ಬಿಡಿ. ರಾಜ್ಯದಲ್ಲಿ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಬಳಸಬಾರದು ಅಂತ ಆದೇಶ ಬಂತು. ರೋಡಮೈನ್-ಬಿ ಅನ್ನುವ ಹೆಸರು ಆಗ ಎಲ್ಲರ ಬಾಯಲ್ಲೂ ಇತ್ತು. ಕೆಲವೇ ತಿಂಗಳಲ್ಲಿ ಕಬಾಬಿಗೂ ಅದೇ ನಿಯಮ ಬಂತು. ಈಗ ಕೆಂಪು ಗೋಬಿ ಕಂಡರೆ ಜನಕ್ಕೆ ಬಾಯಲ್ಲಿ ನೀರು ಬರುವುದಿಲ್ಲ, ಅನುಮಾನ ಬರುತ್ತೆ.

ಇದರಲ್ಲಿ ಇನ್ನೊಂದು ಅನ್ಯಾಯ ಇದೆ. ನೀವು ಬಣ್ಣ ಹಾಕದಿದ್ದರೂ ಫೋನಿನ ಫಿಲ್ಟರ್ ಹಾಕುತ್ತೆ. ಆಹಾರಕ್ಕೆ ಅಂತ ಇರುವ ಫಿಲ್ಟರ್‌ಗಳು ಕೆಂಪು, ಹಳದಿಯನ್ನೇ ಎತ್ತುತ್ತವೆ. ಅದನ್ನು ಆಫ್ ಮಾಡಿ. ಅಳತೆಗೆ ಫ್ರೇಮಿನಲ್ಲಿ ಬಿಳಿ ಅನ್ನ ಇರಲಿ. ಅನ್ನ ಹಳದಿಗೆ ತಿರುಗಿದ್ದರೆ ಮಿಕ್ಕ ಬಣ್ಣವೂ ಸುಳ್ಳು.

ಎಫ್‌ಎಸ್‌ಎಸ್‌ಎಐ ನಂಬರ್ ವಿಡಿಯೊದಲ್ಲಿ ಹಾಕಬೇಕಾ?

ಹಾಕಿ, 14 ಅಂಕಿಯೂ ಓದುವ ಹಾಗೆ, ಕೊನೆಯಲ್ಲಿ 2 ಸೆಕೆಂಡ್. ನಂಬರ್ ಇದ್ದರೆ ಬೇಕಾದವರು ಹುಡುಕಿ ನೋಡುತ್ತಾರೆ. ಹಾಕುವ ಮುಂಚೆ ಅವಧಿ ಮುಗಿದಿಲ್ಲ ಅಂತ ನೀವೇ ಒಂದು ಸಲ ನೋಡಿಕೊಳ್ಳಿ. ಪರದೆಯ ತೀರಾ ಕೆಳಗೆ ಬೇಡ, ಅಲ್ಲಿ ಅಕೌಂಟ್ ಹೆಸರು ಮತ್ತು ವಿವರಣೆ ಬಂದು ಅಂಕಿ ಮುಚ್ಚಿಹೋಗುತ್ತೆ.

## ಕೈ ಪಳಗಿದವರಿಗೆ

ಛತ್ರದ ಅಡುಗೆಮನೆಯಲ್ಲಿ ವಿಡಿಯೊ ಪಟಪಟ ಮಿನುಗುತ್ತೆ, ಹಬೆಯಂತೂ ಕಾಣೋದೇ ಇಲ್ಲ. ಯಾಕೆ?

ಮಿನುಗುವುದು ಟ್ಯೂಬ್‌ಲೈಟಿಂದ. ನಮ್ಮ ಕರೆಂಟು 50 ಹರ್ಟ್ಸ್, ಕ್ಯಾಮೆರಾದ ಲೆಕ್ಕ ಅದಕ್ಕೆ ಹೊಂದದಿದ್ದರೆ ಪಟ್ಟಿ ಪಟ್ಟಿ ಓಡುತ್ತೆ. ಶಟರ್ 1/50 ಅಥವಾ 1/100ಕ್ಕೆ ಇಟ್ಟು, ಫ್ರೇಮ್ ರೇಟ್ 25 ಮಾಡಿ. ಫೋನಿನ ಮಾಮೂಲಿ ಕ್ಯಾಮೆರಾದಲ್ಲಿ ಈ ಆಯ್ಕೆ ಇಲ್ಲದಿದ್ದರೆ ಪ್ರೊ ಮೋಡ್ ನೋಡಿ.

ಹಬೆ ಕಾಣಬೇಕಾದರೆ ಬೆಳಕು ಹಬೆಯ ಹಿಂದಿನಿಂದ ಬರಬೇಕು, ಹಿಂದೆ ಕತ್ತಲೆಯ ಗೋಡೆ ಇರಬೇಕು. ಫೋನಿನ ಲೈಟ್ ಎದುರಿನಿಂದ ಹಾಕಿದರೆ ಹಬೆ ಮಾಯ. ಪಾತ್ರೆಯನ್ನು ಪಕ್ಕದ ಕಿಟಕಿಗೆ ತಿರುಗಿಸಿಕೊಳ್ಳಿ, ಒಂದು ಹೆಜ್ಜೆ ಈಚೆ ಬನ್ನಿ, ಆ ಶಾಟ್‌ಗೆ ಮಾತ್ರ ಎಕ್ಸಾಸ್ಟ್ ಫ್ಯಾನ್ ನಿಲ್ಲಿಸಲು ಕೇಳಿ. ಭಟ್ಟರು ಬೈಯದ ಹೊತ್ತು ನೋಡಿ ಕೇಳಿ.

ಟ್ರೆಂಡಿಂಗ್ ಹಾಡು ಹಾಕಿದ್ರೆ ಸೌಂಡೇ ಕಟ್ ಆಗುತ್ತೆ. ಏನು ಮಾಡೋದು?

ಬಿಸಿನೆಸ್ ಅಕೌಂಟಿಗೆ ಸಿನಿಮಾ ಹಾಡುಗಳ ಪರವಾನಗಿ ಸಾಮಾನ್ಯವಾಗಿ ಇರುವುದಿಲ್ಲ. ಛತ್ರದಲ್ಲಿ ವಾಲಗದವರು ಸಿನಿಮಾ ಹಾಡು ನುಡಿಸುತ್ತಿದ್ದರೆ ಅದೂ ಸಿಕ್ಕಿಕೊಳ್ಳಬಹುದು, ಆ ಹೊತ್ತಿನ ಸದ್ದು ತೆಗೆದುಬಿಡಿ. ಹಾಡು ಇಲ್ಲದೆಯೇ ಅಡುಗೆಮನೆಯಲ್ಲಿ ಬೇಕಾದಷ್ಟು ಸದ್ದಿದೆ. ಸಾಸಿವೆ ಸಿಡಿಯುವುದು, ಒಗ್ಗರಣೆ ಹುಳಿಗೆ ಬಿದ್ದಾಗಿನ ಚುಂಯ್, ಹಪ್ಪಳ ಮುರಿಯುವುದು, ‘ಪಾಯಸಾ... ಯಾರಿಗೆ ಪಾಯಸಾ’ ಅನ್ನುವ ಕೂಗು. ವಿಡಿಯೊ ತೆಗೆಯುವಾಗಲೇ ಬರುವ ಸದ್ದಿನಲ್ಲಿ ಫ್ಯಾನು ತುಂಬಿರುತ್ತೆ. ಆದ್ದರಿಂದ ಇನ್ನೊಂದು ಫೋನನ್ನು ಒಲೆಗೆ ಎರಡು ಅಡಿ ದೂರದಲ್ಲಿ ಹಿಡಿದು ಸದ್ದು ಮಾತ್ರ ಬೇರೆ ರೆಕಾರ್ಡ್ ಮಾಡಿ. ಎಣ್ಣೆ ಹಾರುತ್ತೆ, ಹಳೆಯ ಫೋನ್ ತಗೊಂಡು ಹೋಗಿ.